ಫಿಟ್ಸ್ ಔಷಧಿಯ ಚೀಟಿ ಓದುವುದು ಹೇಗೆ: ಎರಡು ಗುಂಪು, ಮತ್ತೆ ಲಿವರ್‌ನ ಲೆಕ್ಕ

ಫಿಟ್ಸ್‌ಗೆ ಕೊಡುವ ಔಷಧಿಗಳನ್ನು ನಾವೆಲ್ಲ ಎರಡು ಕಾಲಂ ಹಾಕಿಕೊಂಡೇ ಕಲಿಯುತ್ತೇವೆ. ಒಂದು ಕಡೆ ಸೋಡಿಯಂ ಚಾನೆಲ್ ತಡೆಯುವವು, ಇನ್ನೊಂದು ಕಡೆ ಗಾಬಾ ಹೆಚ್ಚಿಸುವವು. ಪರೀಕ್ಷೆಗೆ ಅಷ್ಟು ಸಾಕು. ಆದರೆ ರೋಗಿ ಮುಂದೆ ಕೂತು, ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭನಿರೋಧಕ ಮಾತ್ರೆ ಎಲ್ಲವನ್ನೂ ಒಂದೇ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಾಗ ಈ ಎರಡು ಕಾಲಂ ಮಾತ್ರ ಸಾಲುವುದಿಲ್ಲ. ಆಗ ಬೇಕಾಗುವುದು ಇನ್ನೊಂದು ಪ್ರಶ್ನೆ: ಈ ಫಿಟ್ಸ್ ಔಷಧಿ ಲಿವರ್‌ನಲ್ಲಿ ಔಷಧಿಗಳನ್ನು ಕರಗಿಸುವ ಕಿಣ್ವ ಹೆಚ್ಚಿಸುತ್ತದಾ, ಇಲ್ವಾ?

ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಒಂದರ ಉತ್ತರದಿಂದ ಇನ್ನೊಂದನ್ನು ಊಹಿಸಲು ಹೋದರೆ ಎಡವುತ್ತೇವೆ. ಕಿರಿಯ ವೈದ್ಯರು, ಫಾರ್ಮಸಿಸ್ಟ್‌ಗಳು, ನರ್ಸ್‌ಗಳು ಒಂದು ಚೀಟಿಯನ್ನು ಯಾವ ಕ್ರಮದಲ್ಲಿ ನೋಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಕಾರ್ಬಮಜೆಪಿನ್ ಅನ್ನೇ ಹಿಡಿಯುತ್ತೇನೆ. ಕಿಣ್ವದ ಆಟವೆಲ್ಲ ಅದೊಂದರಲ್ಲೇ ಕಾಣುತ್ತದೆ.

ಹೆಜ್ಜೆ 1: ಔಷಧಿ ಯಾವ ಕಾಲಂಗೆ ಸೇರುತ್ತದೆ ನೋಡಿ

ಫಿಟ್ಸ್ ಬರುವಾಗ ಒಂದಷ್ಟು ನರಕೋಶಗಳು ತಡೆಯಿಲ್ಲದೆ, ಬಿಡುವಿಲ್ಲದೆ ಸಿಡಿಯುತ್ತಿರುತ್ತವೆ. ಪ್ರತಿ ಸಲ ಸಿಡಿಯಲೂ ಸೋಡಿಯಂ ಚಾನೆಲ್ ತೆರೆಯಬೇಕು. ತೆರೆದ ಮೇಲೆ ಅದು ಸ್ವಲ್ಪ ಹೊತ್ತು ಜಡವಾಗುತ್ತದೆ, ಆಮೇಲೆ ಚೇತರಿಸಿಕೊಂಡು ಮತ್ತೆ ತೆರೆಯಲು ತಯಾರಾಗುತ್ತದೆ. ಫಿನಿಟಾಯಿನ್, ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಲ್ಯಾಮೋಟ್ರಿಜಿನ್ ಇವೆಲ್ಲ ಆ ಜಡ ಸ್ಥಿತಿಯಲ್ಲಿರುವ ಚಾನೆಲ್‌ಗೆ ಅಂಟಿಕೊಂಡು ಅದರ ಚೇತರಿಕೆಯನ್ನು ತಡಮಾಡುತ್ತವೆ. ಲ್ಯಾಕೋಸಮೈಡ್ ಕೂಡ ಇದೇ ಗುಂಪಿನದು, ಆದರೆ ಅದು ಹಿಡಿಯುವುದು ನಿಧಾನವಾಗಿ ಜಡವಾಗುವ ಸ್ಥಿತಿಯನ್ನು. ಜಾಸ್ತಿ ಸಿಡಿಯುವ ನರಕೋಶದಲ್ಲಿ ಜಡ ಚಾನೆಲ್‌ಗಳೂ ಜಾಸ್ತಿ ಇರುತ್ತವೆ. ಹಾಗಾಗಿ ಔಷಧಿ ಅಲ್ಲೇ ಹೆಚ್ಚು ಕೂರುತ್ತದೆ, ಸುಮ್ಮನಿರುವ ನರಕೋಶವನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಗಾಬಾ ಗುಂಪಿನ ದಾರಿ ಬೇರೆ. ಗಾಬಾ ಅಂದರೆ ಮೆದುಳಿನ ಬ್ರೇಕ್. ಅದು ತನ್ನ ಗ್ರಾಹಿಗೆ ಬಂದು ಕೂತರೆ ಕ್ಲೋರೈಡ್ ಒಳಗೆ ನುಗ್ಗಿ ನರಕೋಶ ಶಾಂತವಾಗುತ್ತದೆ. ಕ್ಲೋಬಜಾಮ್, ಕ್ಲೋನಜೆಪಾಮ್, ಲೋರಜೆಪಾಮ್‌ನಂಥ ಬೆಂಜೋಡಯಜೆಪಿನ್‌ಗಳು ಆ ಬಾಗಿಲು ಪದೇ ಪದೇ ತೆರೆಯುವಂತೆ ಮಾಡುತ್ತವೆ. ಫಿನೋಬಾರ್ಬಿಟಾಲ್ ತೆರೆದ ಬಾಗಿಲನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಟಿಯಾಗಬಿನ್ ಗಾಬಾ ವಾಪಸ್ ಹೀರಿಹೋಗದಂತೆ ತಡೆಯುತ್ತದೆ, ವಿಗಬಾಟ್ರಿನ್ ಗಾಬಾವನ್ನು ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ವ್ಯಾಲ್‌ಪ್ರೋಯೇಟ್, ಟೊಪಿರಾಮೇಟ್, ಸೆನೋಬಮೇಟ್ ಎರಡೂ ಕಡೆ ಕಾಲಿಟ್ಟಿವೆ. ಲೆವೆಟಿರಾಸಿಟಮ್ ಎರಡಕ್ಕೂ ಸೇರಿದ್ದಲ್ಲ, ಅದನ್ನು ಎಳೆದು ತಂದು ಯಾವ ಕಾಲಂಗೂ ತುರುಕಬೇಡಿ.

ಈ ಗುಂಪು ಗೊತ್ತಿರುವುದರಿಂದ ಏನು ಲಾಭ? ಯಾವ ಫಿಟ್ಸ್‌ಗೆ ಯಾವುದು ಕೊಡಬಾರದು ಅನ್ನುವುದು ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕೈ ಜಗ್ಗಿ ಲೋಟ ಬೀಳಿಸುವ ಹದಿಹರೆಯದ ಹುಡುಗನಿಗೆ, ಅಂದರೆ ಮಯೋಕ್ಲೋನಿಕ್ ಜಗ್ಗಾಟ ಇರುವವನಿಗೆ, ಕಾರ್ಬಮಜೆಪಿನ್ ಕೊಟ್ಟರೆ ಜಗ್ಗಾಟ ಹೆಚ್ಚಾಗಬಹುದು. ಕ್ಷಣಕಾಲ ಶೂನ್ಯ ದಿಟ್ಟಿಸುವ ಆಬ್ಸೆನ್ಸ್ ಫಿಟ್ಸ್‌ನಲ್ಲೂ ಅಷ್ಟೇ. ಟಿಯಾಗಬಿನ್, ವಿಗಬಾಟ್ರಿನ್ ಕೂಡ ಆಬ್ಸೆನ್ಸ್ ಅನ್ನು ಕೆಡಿಸುತ್ತವೆ. ಎರಡು ಕಾಲಂಗಳ ಕೆಲಸ ಇಲ್ಲಿಗೆ ಮುಗಿಯಿತು.

ಹೆಜ್ಜೆ 2: ಎರಡೂ ಕಾಲಂಗಳಿಗೆ ಅಡ್ಡವಾಗಿ ಒಂದು ಗೆರೆ ಎಳೆಯಿರಿ

ಕಿಣ್ವವನ್ನು ಜೋರಾಗಿ ಹೆಚ್ಚಿಸುವವು ನಾಲ್ಕು: ಕಾರ್ಬಮಜೆಪಿನ್, ಫಿನಿಟಾಯಿನ್, ಫಿನೋಬಾರ್ಬಿಟಾಲ್, ಪ್ರಿಮಿಡೋನ್. ಮೊದಲೆರಡು ಸೋಡಿಯಂ ಕಡೆಯವು. ಫಿನೋಬಾರ್ಬಿಟಾಲ್ ಗಾಬಾ ಕಡೆಯದು, ಪ್ರಿಮಿಡೋನ್ ದೇಹದೊಳಗೆ ಫಿನೋಬಾರ್ಬಿಟಾಲ್ ಆಗಿಯೇ ಬದಲಾಗುತ್ತದೆ. ನೋಡಿ, ಎರಡೂ ಕಾಲಂಗಳಲ್ಲಿ ಕಿಣ್ವ ಹೆಚ್ಚಿಸುವವು ಇವೆ, ಎರಡರಲ್ಲೂ ಹೆಚ್ಚಿಸದವು ಇವೆ. ಲ್ಯಾಕೋಸಮೈಡ್ ಸೋಡಿಯಂ ಗುಂಪಿನದ್ದೇ ಆದರೂ ಬೇರೆ ಮಾತ್ರೆಗಳ ಗೊಡವೆಗೆ ಹೋಗುವುದಿಲ್ಲ. ಕ್ಲೋನಜೆಪಾಮ್ ಗಾಬಾ ಗುಂಪಿನದು, ಅದೂ ಹಾಗೆಯೇ.

ನಡುವೆ ನಿಂತವೂ ಕೆಲವಿವೆ. ಆಕ್ಸ್‌ಕಾರ್ಬಜೆಪಿನ್ ದಿನಕ್ಕೆ 1200 ಮಿ.ಗ್ರಾಂ ಆಸುಪಾಸಿಗೆ ಬಂದಾಗ, ಟೊಪಿರಾಮೇಟ್ 200 ಮಿ.ಗ್ರಾಂ ದಾಟಿದಾಗ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಪರಿಣಾಮ ತೋರಿಸುತ್ತವೆ. ವ್ಯಾಲ್‌ಪ್ರೋಯೇಟ್ ಪೂರ್ತಿ ಉಲ್ಟಾ. ಅದು ಕಿಣ್ವಗಳನ್ನು ತಡೆಯುತ್ತದೆ.

ಇಲ್ಲಿ ಒಂದು ವಿಷಯ ಚೆನ್ನಾಗಿ ಮನಸ್ಸಿಗೆ ಇಳಿಯಬೇಕು. ಕಿಣ್ವ ಹೆಚ್ಚಿಸುವುದು ಅಂದರೆ ಇರುವ ಕಿಣ್ವವನ್ನು ಬೇಗ ಬೇಗ ಓಡಿಸುವುದಲ್ಲ. ಲಿವರ್ ಕೋಶದೊಳಗೆ ಪಿಎಕ್ಸ್‌ಆರ್ ಅನ್ನುವ ಒಂದು ಗ್ರಾಹಿ ಇದೆ. ಹೊರಗಿನ ರಾಸಾಯನಿಕ ಬಂದಿದೆ ಅಂತ ಪತ್ತೆ ಹಚ್ಚುವುದೇ ಅದರ ಕೆಲಸ. ಕಾರ್ಬಮಜೆಪಿನ್ ಅದನ್ನು ಎಬ್ಬಿಸುತ್ತದೆ. ಎದ್ದ ಗ್ರಾಹಿ ಜೀನ್‌ಗೆ ಹೋಗಿ ಸಿವೈಪಿ 3ಎ4 ಮುಂತಾದ ಕಿಣ್ವಗಳನ್ನು ಹೊಸದಾಗಿ ಮಾಡಿಸುತ್ತದೆ. ಹೊಸ ಪ್ರೋಟೀನ್ ತಯಾರಾಗಬೇಕು, ರಾಶಿ ಬೀಳಬೇಕು. ಅದಕ್ಕೆ ದಿನಗಳಲ್ಲ, ವಾರಗಳೇ ಬೇಕು. ಔಷಧಿ ನಿಲ್ಲಿಸಿದ ಮೇಲೂ ಆ ರಾಶಿ ಒಂದೇ ದಿನದಲ್ಲಿ ಕರಗುವುದಿಲ್ಲ, ಅದಕ್ಕೂ ವಾರಗಳು ಬೇಕು.

ಕಿಣ್ವವನ್ನು ತಡೆಯುವ ಔಷಧಿಯ ರೀತಿ ಹಾಗಲ್ಲ. ಕಾರ್ಬಮಜೆಪಿನ್ ನುಂಗುತ್ತಿರುವವರಿಗೆ ಎದೆಯ ಸೋಂಕಿಗೆ ಅಂತ ಕ್ಲಾರಿಥ್ರೊಮೈಸಿನ್ ಕೊಟ್ಟರೆ ಕೆಲವೇ ದಿನಗಳಲ್ಲಿ ಕಾರ್ಬಮಜೆಪಿನ್ ಮಟ್ಟ ಏರಿ, ಒಂದು ವಸ್ತು ಎರಡಾಗಿ ಕಾಣುತ್ತದೆ, ನಡೆದರೆ ತೂರಾಡುತ್ತಾರೆ. ತಡೆ ಬೇಗ ಕಾಣಿಸಿಕೊಳ್ಳುತ್ತದೆ. ಹೆಚ್ಚಳ ನಿಧಾನವಾಗಿ ಬರುತ್ತದೆ, ನಿಧಾನವಾಗಿ ಹೋಗುತ್ತದೆ. ಮುಂದಿನ ಹೆಜ್ಜೆಗಳಲ್ಲಿ ಬರುವ ತಪ್ಪುಗಳೆಲ್ಲ ಈ ಕಾಲದ ಅಂತರವನ್ನು ಮರೆತಾಗ ಆಗುವಂಥವು.

ಹೆಜ್ಜೆ 3: ಮೊದಲ ಏಟು ಕಾರ್ಬಮಜೆಪಿನ್‌ಗೇ ಬೀಳುತ್ತದೆ

ಕಾರ್ಬಮಜೆಪಿನ್ ಅನ್ನು ಕರಗಿಸುವುದು ಸಿವೈಪಿ 3ಎ4. ಅದೇ ಕಿಣ್ವವನ್ನು ಕಾರ್ಬಮಜೆಪಿನ್ ಹೆಚ್ಚಿಸುತ್ತದೆ. ಅಂದರೆ ತನ್ನ ಬುಡವನ್ನು ತಾನೇ ಕೊಯ್ದುಕೊಳ್ಳುತ್ತದೆ. ಮೊದಲ ಡೋಸ್‌ನ ಅರ್ಧಾಯುಷ್ಯ 25ರಿಂದ 65 ಗಂಟೆ. ಒಂದೇ ಡೋಸ್ ಮುಂದುವರಿಸಿ 3ರಿಂದ 5 ವಾರ ಕಳೆದ ಮೇಲೆ ಅದು 12ರಿಂದ 17 ಗಂಟೆಗೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಒಬ್ಬರ ಅರ್ಧಾಯುಷ್ಯ ಮೊದಲು 30 ಗಂಟೆ ಇತ್ತು, ಐದನೇ ವಾರಕ್ಕೆ 15 ಆಯಿತು ಅಂದುಕೊಳ್ಳಿ. ಹೊರಹೋಗುವ ವೇಗ ಎರಡರಷ್ಟಾಯಿತು, ಅಲ್ವಾ? ಹಾಗಾದರೆ ಅದೇ ಡೋಸ್‌ಗೆ ರಕ್ತದಲ್ಲಿ ನಿಲ್ಲುವ ಮಟ್ಟ ಅರ್ಧಕ್ಕೆ ಬರುತ್ತದೆ. ಶುರುವಿನಲ್ಲಿ 8 ಮೈಕ್ರೋಗ್ರಾಂ ಸಿಗಬೇಕಿದ್ದ ಕಡೆ 4 ಸಿಗುತ್ತದೆ. ಸಾಮಾನ್ಯವಾಗಿ ಬೇಕಾದ ಮಟ್ಟ ಒಂದು ಮಿಲಿ ಲೀಟರ್‌ಗೆ 4ರಿಂದ 12 ಮೈಕ್ರೋಗ್ರಾಂ. ಅಂದರೆ ನೆಮ್ಮದಿಯ ಜಾಗದಲ್ಲಿದ್ದವರು, ಒಂದು ಮಾತ್ರೆಯನ್ನೂ ತಪ್ಪಿಸದೆ, ಅಂಚಿಗೆ ಬಂದು ನಿಂತಿರುತ್ತಾರೆ.

ಇದರಿಂದ ಏಳುವ ಕೆಲಸಗಳು ಎರಡು. ಒಂದು, ದೊಡ್ಡವರಿಗೆ ಕಡಿಮೆಯಲ್ಲಿ ಶುರು ಮಾಡಿ, ದಿನಕ್ಕೆ 100ರಿಂದ 400 ಮಿ.ಗ್ರಾಂ ಒಳಗೆ. ಆಮೇಲೆ ವಾರಕ್ಕೆ 200 ಮಿ.ಗ್ರಾಂ ಮೀರದಂತೆ ಏರಿಸುತ್ತಾ ಹೋಗಿ. ಮೊದಲ ದಿನವೇ ಪೂರ್ತಿ ಡೋಸ್ ಕೊಟ್ಟರೆ ಕಿಣ್ವ ಇನ್ನೂ ಏರಿರುವುದಿಲ್ಲ, ತಲೆ ತಿರುಗಿ, ಕಣ್ಣು ಮಂಜಾಗಿ ರೋಗಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಎರಡು, ಮೊದಲ ವಾರದ ರಕ್ತ ಪರೀಕ್ಷೆಯನ್ನು ನಂಬಿಕೊಂಡು ಕೂರಬೇಡಿ. ಡೋಸ್ ಒಂದು ಹದಕ್ಕೆ ಬಂದು 4 ವಾರ ಆದ ಮೇಲೆ, ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ತೆಗೆಸಿ. ಅದೇ ನಿಜವಾದ ಮಟ್ಟ.

ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ನಾಲ್ಕನೇ ವಾರದಲ್ಲಿ ಫಿಟ್ಸ್ ಮರಳಿ ಬಂದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು "ಮಾತ್ರೆ ತಪ್ಪಿಸಿದಿರಾ?" ಅನ್ನುವುದು. ಮನೆಯವರೂ ಅದನ್ನೇ ಹಿಡಿದು ರೋಗಿಯನ್ನು ಬೈಯುತ್ತಾರೆ. ಬೈಯುವ ಮುಂಚೆ ಉಳಿದ ಮಾತ್ರೆ ಎಣಿಸಿ. ಎಣಿಕೆ ಸರಿ ಇದೆ, ಹೊಸ ಔಷಧಿ ಯಾವುದೂ ಸೇರಿಲ್ಲ, ಶುರು ಮಾಡಿ 3ರಿಂದ 5 ವಾರ ಆಗಿದೆ, ಮಟ್ಟ ಹಿಂದಿನದಕ್ಕಿಂತ ಇಳಿದಿದೆ ಅಂದರೆ ಅದು ರೋಗಿಯ ತಪ್ಪಲ್ಲ. ಲಿವರ್ ತನ್ನ ಕೆಲಸ ಮಾಡಿದೆ, ಡೋಸ್ ಏರಿಸಬೇಕು.

ಫಿನಿಟಾಯಿನ್‌ಗೆ ಈ ಲೆಕ್ಕವನ್ನು ಹಚ್ಚಬೇಡಿ. ಬೇರೆ ಔಷಧಿಗಳ ಕಿಣ್ವವನ್ನು ಅದೂ ಹೆಚ್ಚಿಸುತ್ತದೆ, ಆದರೆ ತನ್ನನ್ನು ಕರಗಿಸುವ ಕಿಣ್ವ ಮಾಮೂಲಿ ಡೋಸ್‌ನಲ್ಲೇ ತುಂಬಿಹೋಗುತ್ತದೆ. ಹಾಗಾಗಿ ಡೋಸ್ ಸ್ವಲ್ಪ ಏರಿಸಿದರೂ ಮಟ್ಟ ಧಡಕ್ಕನೆ ಮೇಲೇರುತ್ತದೆ.

ಹೆಜ್ಜೆ 4: ಚೀಲದ ಉಳಿದ ಮಾತ್ರೆಗಳನ್ನು ಒಂದೊಂದಾಗಿ ನೋಡಿ

"ಬೇರೆ ಏನಾದರೂ ಔಷಧಿ ತಗೋತೀರಾ?" ಅಂತ ಸುಮ್ನೆ ಕೇಳಿದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ. ಗರ್ಭನಿರೋಧಕ ಮಾತ್ರೆಯನ್ನು ಅನೇಕರು ಔಷಧಿ ಅಂತ ಲೆಕ್ಕ ಹಿಡಿಯುವುದೇ ಇಲ್ಲ. ಹೆಸರು ಹಿಡಿದು ಕೇಳಿ: ಗರ್ಭನಿರೋಧಕ, ರಕ್ತ ತೆಳುವಾಗಿಸುವುದು, ಥೈರಾಯ್ಡ್, ಸ್ಟೀರಾಯ್ಡ್, ಕೊಲೆಸ್ಟರಾಲ್, ಇನ್ನೊಂದು ಫಿಟ್ಸ್ ಔಷಧಿ.

ಇವುಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಗರ್ಭನಿರೋಧಕ. ಕಾರ್ಬಮಜೆಪಿನ್ ಜೊತೆ ನುಂಗಿದಾಗ ಮಾತ್ರೆಯೊಳಗಿನ ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಎರಡೂ ಬೇಗ ಕರಗಿ, ದೇಹಕ್ಕೆ ಸಿಗುವ ಪ್ರಮಾಣ ಸುಮಾರು ಅರ್ಧದವರೆಗೂ ಇಳಿಯಬಹುದು. ತೋಳಿನ ಚರ್ಮದ ಕೆಳಗಿಡುವ ಇಂಪ್ಲಾಂಟ್‌ಗೂ ಇದೇ ಗತಿ. ನುಂಗದ್ದು, ಅದಕ್ಕೆ ತೊಂದರೆ ಇಲ್ಲ ಅಂದುಕೊಳ್ಳುವುದು ತಪ್ಪು. ಅದರ ಹಾರ್ಮೋನ್ ಕೂಡ ರಕ್ತದಲ್ಲಿ ಹರಿದು ಲಿವರ್ ಮೂಲಕವೇ ಹೋಗಬೇಕು. ತಿಂಗಳ ನಡುವೆ ಅಲ್ಪಸ್ವಲ್ಪ ರಕ್ತ ಕಾಣಿಸುವುದು ಹಾರ್ಮೋನ್ ಇಳಿದಿದೆ ಅನ್ನುವುದರ ಒಂದು ಸುಳಿವು. ಆದರೆ ರಕ್ತ ಕಾಣಲಿಲ್ಲ ಅಂದ ಮಾತ್ರಕ್ಕೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಧೈರ್ಯ ಹೇಳಲಾಗದು.

ತಾಮ್ರದ ವಂಕಿಗೆ ಈ ಬಾಧೆ ಇಲ್ಲ, ಅದರಲ್ಲಿ ಹಾರ್ಮೋನೇ ಇಲ್ಲ. ಲಿವೊನಾರ್ಜೆಸ್ಟ್ರೆಲ್ ಇರುವ ವಂಕಿ ಗರ್ಭಕೋಶದೊಳಗೇ ಕೆಲಸ ಮಾಡುವುದರಿಂದ ಅದೂ ನಡೆಯುತ್ತದೆ. ಮೂರು ತಿಂಗಳಿಗೊಮ್ಮೆ ಹಾಕಿಸುವ ಇಂಜೆಕ್ಷನ್‌ನಲ್ಲಿ ಹಾರ್ಮೋನ್ ಪ್ರಮಾಣ ದೊಡ್ಡದು, ಅದೂ ಆಗುತ್ತದೆ, ಮೂಳೆಯ ಕಡೆ ಮಾತ್ರ ಒಂದು ಕಣ್ಣಿಡಬೇಕು. ಕಾರ್ಬಮಜೆಪಿನ್ ನಿಲ್ಲಿಸಿದರೂ ಇನ್ನೂ 4 ವಾರ ಮಾತ್ರೆಯನ್ನು ನಂಬುವಂತಿಲ್ಲ. ಇಷ್ಟು ಒತ್ತಿ ಹೇಳಲು ಕಾರಣವಿದೆ. ಗರ್ಭದಲ್ಲಿ ಕಾರ್ಬಮಜೆಪಿನ್ ಇದ್ದರೆ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದಿರುವ ಅಪಾಯ ಹೆಚ್ಚು. ಗೊತ್ತಿಲ್ಲದೆ ಆಗುವ ಗರ್ಭ ಅಂದರೆ ಯಾವ ತಯಾರಿಯೂ ಇಲ್ಲದ ಗರ್ಭ.

ಇನ್ನೊಂದು ಫಿಟ್ಸ್ ಔಷಧಿ ಸೇರಿಸುವಾಗಲೂ ಎಚ್ಚರ ಬೇಕು. ಲ್ಯಾಮೋಟ್ರಿಜಿನ್ ಒಂದೇ ಆದರೆ ದೊಡ್ಡವರಿಗೆ ಮೊದಲ ಎರಡು ವಾರ ದಿನಕ್ಕೆ 25 ಮಿ.ಗ್ರಾಂ. ಕಾರ್ಬಮಜೆಪಿನ್ ಜೊತೆ, ವ್ಯಾಲ್‌ಪ್ರೋಯೇಟ್ ಇಲ್ಲದಿದ್ದರೆ, 50 ಮಿ.ಗ್ರಾಂ. ವ್ಯಾಲ್‌ಪ್ರೋಯೇಟ್ ಜೊತೆಯಾದರೆ ದಿನ ಬಿಟ್ಟು ದಿನ 25 ಮಿ.ಗ್ರಾಂ. ಅದೇ ಮಾತ್ರೆ, ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಶುರುವಿನ ಡೋಸ್ ನಾಲ್ಕು ಪಟ್ಟು ಬದಲಾಗುತ್ತದೆ. ಇದು ತಪ್ಪಿ ಜಾಸ್ತಿ ಕೊಟ್ಟರೆ ಮೈಮೇಲೆ ದದ್ದು, ಕೆಲವರಲ್ಲಿ ಪ್ರಾಣಕ್ಕೇ ಕುತ್ತು ತರುವ ಚರ್ಮ ಸುಲಿತ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಪಿಕ್ಸಬಾನ್, ರಿವರೋಕ್ಸಬಾನ್ ಜೊತೆ ಕಾರ್ಬಮಜೆಪಿನ್ ಬೇಡ, ರಕ್ತ ಹೆಪ್ಪುಗಟ್ಟುವ ಅಪಾಯ ಮರಳುತ್ತದೆ. ಸಿಮ್ವಾಸ್ಟಾಟಿನ್ ಮಟ್ಟ ತುಂಬಾ ಇಳಿಯುತ್ತದೆ. ಥೈರಾಕ್ಸಿನ್, ಪ್ರೆಡ್ನಿಸೊಲೋನ್ ಡೋಸ್ ಏರಿಸಬೇಕಾಗಬಹುದು.

ಹೆಜ್ಜೆ 5: ವರ್ಷಗಟ್ಟಲೆ ನುಂಗಿದವರ ಮೂಳೆ ನೋಡಿ

ಹೆಚ್ಚಿದ ಕಿಣ್ವ ಹೊರಗಿನ ಔಷಧಿಗಳನ್ನು ಮಾತ್ರ ಕರಗಿಸಿ ಸುಮ್ಮನಾಗುವುದಿಲ್ಲ. ವಿಟಮಿನ್ ಡಿಯನ್ನೂ ಕರಗಿಸುತ್ತದೆ. ವಿಟಮಿನ್ ಡಿ ಇಳಿದರೆ ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ, ದೇಹ ಆ ಕೊರತೆಯನ್ನು ಮೂಳೆಯಿಂದ ತುಂಬಿಕೊಳ್ಳುತ್ತದೆ. ಫಿಟ್ಸ್ ಇರುವವರು ಬೀಳುವ ಸಂಭವವೂ ಇರುವುದರಿಂದ ಮುರಿತದ ಭಯ ಇಮ್ಮಡಿ. ಹೊಸ ಬೆನ್ನು ನೋವು, ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಸೋಲು, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರಿಕೆ ಇವೆಲ್ಲ ಕಂಡರೆ ವಿಟಮಿನ್ ಡಿ ಪರೀಕ್ಷೆ ಮಾಡಿಸಿ.

ಇದೇ ವರದಿಯಲ್ಲಿ ಜಿಜಿಟಿ ಮಾತ್ರ ಒಂಟಿಯಾಗಿ ಏರಿರುವುದನ್ನು ನೋಡಿ ಗಾಬರಿಯಾಗಬೇಡಿ. ಕಿಣ್ವ ಹೆಚ್ಚಿಸುವ ಔಷಧಿ ನುಂಗುವವರಲ್ಲಿ ಅದು ಏರುವುದು ಮಾಮೂಲು. ಉಳಿದ ಲಿವರ್ ಪರೀಕ್ಷೆ ಸರಿ ಇದ್ದು, ರೋಗಿ ಆರಾಮಾಗಿದ್ದರೆ ಅದೊಂದಕ್ಕೇ ಔಷಧಿ ನಿಲ್ಲಿಸುವ ಅಗತ್ಯವಿಲ್ಲ.

ಹೆಜ್ಜೆ 6: ನಿಲ್ಲಿಸುವಾಗ ಲೆಕ್ಕ ತಿರುವುಮುರುವು ಮಾಡಿ

ಕಿಣ್ವ ಹೆಚ್ಚಿಸುವ ಔಷಧಿ ಶುರು ಮಾಡುವಾಗ ಎಲ್ಲರೂ ಎಚ್ಚರ ವಹಿಸುತ್ತಾರೆ. ಅದನ್ನು ತೆಗೆಯುವಾಗ ಅಪಾಯ ಮುಗಿಯಿತು ಅಂತ ಕೈ ತೊಳೆದುಕೊಳ್ಳುತ್ತಾರೆ. ನಿಜಕ್ಕೂ ದೊಡ್ಡ ಅನಾಹುತ ಆಗುವುದು ಆಗಲೇ. ಪಾಠಕ್ಕೆ ಅಂತ ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ.

61 ವರ್ಷದ ಒಬ್ಬರು. ಹೃದಯದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟ ಇದೆ, ಹಾಗಾಗಿ ವಾರ್ಫರಿನ್ ಬಿಟ್ಟರೆ ಬೇರೆ ಮಾತ್ರೆ ಆಗದು. ಐಎನ್‌ಆರ್ 2.5ರಿಂದ 3.5ರ ಒಳಗಿರಬೇಕು. ಹದಿನೈದು ವರ್ಷದಿಂದ ಕಾರ್ಬಮಜೆಪಿನ್ 400 ಮಿ.ಗ್ರಾಂ, ದಿನಕ್ಕೆ ಎರಡು ಸಲ. ವಾರ್ಫರಿನ್ ದಿನಕ್ಕೆ 11 ಮಿ.ಗ್ರಾಂ, ಐಎನ್‌ಆರ್ 2.8. ಮೂಳೆ ಸವೆದಿರುವುದು ಗೊತ್ತಾಗಿ ಕಾರ್ಬಮಜೆಪಿನ್ ತೆಗೆದು ಲೆವೆಟಿರಾಸಿಟಮ್‌ಗೆ ಬದಲಿಸಲು ತೀರ್ಮಾನವಾಗಿದೆ.

ಆ 11 ಮಿ.ಗ್ರಾಂ ಅನ್ನೇ ಮೊದಲು ದಿಟ್ಟಿಸಿ ನೋಡಿ. ಈ ವಯಸ್ಸಿಗೆ ಅದು ದೊಡ್ಡ ಡೋಸ್. ಅದರಲ್ಲಿ ಒಂದು ಪಾಲು ರೋಗಿಗಾಗಿ, ಇನ್ನೊಂದು ಪಾಲು ಹೆಚ್ಚಿದ ಕಿಣ್ವದ ಹೊಟ್ಟೆ ತುಂಬಿಸಲು. ಕಿಣ್ವ ಇಳಿದ ದಿನ ಆ ಎರಡನೇ ಪಾಲು ಪೂರ್ತಿ ರಕ್ತಕ್ಕೆ ಬೀಳುತ್ತದೆ.

ಮೊದಲು ಲೆವೆಟಿರಾಸಿಟಮ್ ಶುರು ಮಾಡಿ, ಅದು ಕೆಲಸ ಮಾಡುವ ಡೋಸ್‌ಗೆ ತರುತ್ತಾರೆ. ಆಮೇಲೆ ಕಾರ್ಬಮಜೆಪಿನ್ ಅನ್ನು ವಾರಕ್ಕೆ 200 ಮಿ.ಗ್ರಾಂ ಇಳಿಸುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರುವ ಅಪಾಯ ಇರುವುದರಿಂದ ರೋಗಿ ತಾನಾಗಿ ನಿಲ್ಲಿಸುವಂತಿಲ್ಲ. ಇಳಿಸಲು ಶುರು ಮಾಡಿದ ದಿನದಿಂದಲೇ ವಾರಕ್ಕೊಮ್ಮೆ ಐಎನ್‌ಆರ್ ನೋಡುವ ದಿನಾಂಕಗಳನ್ನು ಕಾರ್ಡ್ ಮೇಲೆ ಬರೆದುಕೊಡಬೇಕು.

ಎರಡನೇ ವಾರ ಐಎನ್‌ಆರ್ 2.9. ಏನೂ ಆಗಿಲ್ಲ ಅನ್ನಿಸುತ್ತದೆ. ಇಲ್ಲೇ ಅನೇಕರು ಮುಂದಿನ ಪರೀಕ್ಷೆಯನ್ನು ಒಂದು ತಿಂಗಳಿಗೆ ತಳ್ಳಿಬಿಡುತ್ತಾರೆ. ನಾಲ್ಕನೇ ವಾರ, ಕಾರ್ಬಮಜೆಪಿನ್‌ನ ಕೊನೆಯ ಮಾತ್ರೆ ಮುಗಿದಾಗ, 3.4. ಇನ್ನೂ ಮಿತಿಯ ಒಳಗೇ ಇದೆ, ಆದರೆ ಏರುವ ದಾರಿಯಲ್ಲಿದೆ. ಕಿಣ್ವದ ರಾಶಿ ಇನ್ನೂ ಎರಡು ಮೂರು ವಾರ ಕರಗುತ್ತಲೇ ಇರುತ್ತದೆ ಅಂತ ಗೊತ್ತಿರುವವರು ಈಗಲೇ ವಾರ್ಫರಿನ್ ಅನ್ನು 10ಕ್ಕೆ ಇಳಿಸುತ್ತಾರೆ. ಐದನೇ ವಾರ 3.9, ವಾರ್ಫರಿನ್ 8. ಆರನೇ ವಾರ 3.7, ವಾರ್ಫರಿನ್ 7. ಎಂಟನೇ ವಾರ 3.0.

ನಾಲ್ಕನೇ ವಾರದ ನಂತರ ಯಾರೂ ರಕ್ತ ನೋಡದೆ 11 ಮಿ.ಗ್ರಾಂ ಹಾಗೇ ಮುಂದುವರಿದಿದ್ದರೆ? ಹಲ್ಲುಜ್ಜುವಾಗ ಒಸಡಿನಿಂದ ನಿಲ್ಲದ ರಕ್ತ, ತೋಳಿನಲ್ಲಿ ಕಾರಣವಿಲ್ಲದ ಕಪ್ಪು ಮಚ್ಚೆ, ಕಪ್ಪಗಿನ ಮಲ. ಕಾರ್ಬಮಜೆಪಿನ್ ನಿಂತು ವಾರಗಳೇ ಕಳೆದಿರುವುದರಿಂದ ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಹೊಸದಾಗಿ ಬಂದ ಲೆವೆಟಿರಾಸಿಟಮ್ ಮೇಲೆ ಎಲ್ಲರ ಕಣ್ಣು ಬೀಳುತ್ತದೆ, ಪಾಪ, ಅದು ಇದರಲ್ಲಿ ಏನೂ ಮಾಡಿರುವುದಿಲ್ಲ.

ಫಿನೋಬಾರ್ಬಿಟಾಲ್ ತೆಗೆಯುವಾಗ ಇದೇ ಕ್ರಮವನ್ನು ಇನ್ನೂ ಉದ್ದಕ್ಕೆ ಎಳೆಯಬೇಕು. ಅದರ ಅರ್ಧಾಯುಷ್ಯವೇ ದಿನಗಟ್ಟಲೆ. ಔಷಧಿ ಮೈಯಿಂದ ಪೂರ್ತಿ ಹೋಗಲು ಎರಡು ಮೂರು ವಾರ ಹಿಡಿಯುತ್ತದೆ, ಕಿಣ್ವ ಪೂರ್ತಿ ಇಳಿಯುವುದು ಅದಕ್ಕಿಂತಲೂ ತಡ. ಇಳಿಸುವ ವೇಗವೂ ಕಾರ್ಬಮಜೆಪಿನ್‌ಗಿಂತ ನಿಧಾನ ಇರಬೇಕು.

ನಮ್ಮ ಉದಾಹರಣೆಯ ರೋಗಿಗೆ ಹತ್ತನೇ ಮತ್ತು ಹನ್ನೆರಡನೇ ವಾರಗಳಲ್ಲೂ ಐಎನ್‌ಆರ್ ಮೂರರ ಹತ್ತಿರವೇ ನಿಂತ ಮೇಲೆ ವಾರಕ್ಕೊಮ್ಮೆಯ ಪರೀಕ್ಷೆ ನಿಲ್ಲಿಸಬಹುದು. ಅವರ ಕಾರ್ಡ್‌ನಲ್ಲಿ 11 ಅನ್ನುವುದನ್ನು ಹೊಡೆದು 7 ಅಂತ ಬರೆಯಿರಿ. ಪಕ್ಕದಲ್ಲೇ, ಕಾರ್ಬಮಜೆಪಿನ್ ನಿಲ್ಲಿಸಿದ ದಿನಾಂಕವನ್ನೂ ಬರೆಯಿರಿ.